ಅಳತೆಗೋಲು ಯಾರ ಕೈಯಲ್ಲಿದೆ? ಪ್ರೋಟೀನ್ ಡಬ್ಬಿಯ ಸ್ಕೂಪು ಮತ್ತು ನೂರು ಗ್ರಾಂ

ಪ್ರೋಟೀನ್ ಪುಡಿಯ ಯಾವುದೇ ಡಬ್ಬಿಯನ್ನು ತೆಗೆದುಕೊಳ್ಳಿ. ಅದರ ಮುಂಭಾಗದಲ್ಲಿ, ಕಂಪನಿಯ ಹೆಸರಿಗಿಂತ ತುಸುವೇ ಚಿಕ್ಕ ಅಕ್ಷರದಲ್ಲಿ, ಒಂದು ಸಂಖ್ಯೆ ಇರುತ್ತದೆ: 25 ಗ್ರಾಂ ಪ್ರೋಟೀನ್. ಕೊಳ್ಳುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೆ, ಬಹಳ ಸಲ ನಿಲ್ಲುವುದೂ ಅಲ್ಲಿಯೇ. ಆದರೆ ಆ ಸಂಖ್ಯೆ ಡಬ್ಬಿಯೊಳಗಿನ ಪುಡಿ ಎಂಥದು ಎಂಬುದನ್ನು ಹೇಳುವುದಿಲ್ಲ. ಅದು ಒಂದು ಸ್ಕೂಪಿನ ಬಗ್ಗೆ ಮಾತ್ರ ಹೇಳುತ್ತದೆ. ಸ್ಕೂಪು ಎಷ್ಟು ದೊಡ್ಡದಿರಬೇಕು ಎಂಬುದನ್ನು ನಿರ್ಧರಿಸಿದವನು ಪುಡಿಯನ್ನು ಮಾರುವವನೇ. ಮಾರುವವನು ತನ್ನ ಸರಕಿನ ಜೊತೆಗೆ ತನ್ನದೇ ಅಳತೆಗೋಲನ್ನೂ ಡಬ್ಬಿಯಲ್ಲಿ ಹಾಕಿ ಕೊಡುತ್ತಾನೆ, ಅದರಿಂದಲೇ ಅಳೆಯಿರಿ ಎನ್ನುತ್ತಾನೆ. ನಾವು ಅಳೆಯುತ್ತೇವೆ.

ಇದೊಂದು ಕ್ಷುಲ್ಲಕ ಸಂಗತಿ, ಜಿಮ್ಮಿಗೆ ಹೋಗುವ ಹುಡುಗರ ಚಿಂತೆ ಎಂದು ತೋರಬಹುದು. ಹಾಗಲ್ಲ. ಅಳತೆಯ ಮಾನ ಯಾರ ವಶದಲ್ಲಿರಬೇಕು ಎಂಬುದು ಬಹಳ ಹಳೆಯ ಜಗಳ. ಗೇಣಿ ಅಳೆದುಕೊಳ್ಳುವಾಗ ಒಂದು ಕೊಳಗ, ಕಾಳು ಸಾಲ ಕೊಡುವಾಗ ಇನ್ನೊಂದು ಕೊಳಗ ಎಂಬ ದೂರು ನಮ್ಮ ಒಕ್ಕಲು ಸಮಾಜಕ್ಕೆ ಹೊಸದಲ್ಲ. ಕ್ರಾಂತಿಯ ಹೊತ್ತಿಗೆ ಫ್ರಾನ್ಸಿನ ರೈತರು ಬರೆದುಕೊಟ್ಟ ದೂರುಪಟ್ಟಿಗಳಲ್ಲಿಯೂ ಭೂಮಾಲೀಕರ ಅಳತೆಪಾತ್ರೆಗಳ ಮೇಲಿನ ಆಕ್ರೋಶವಿತ್ತು. ಮೆಟ್ರಿಕ್ ಪದ್ಧತಿ ಅಲ್ಲಿ 1795ರಲ್ಲಿ ಕಾನೂನಾಯಿತು. ಸ್ವತಂತ್ರ ಭಾರತ 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಮೂಲಕ ಊರಿಗೊಂದು ಬಗೆಯಾಗಿದ್ದ ಸೇರು, ಪಾವುಗಳನ್ನು ಬದಿಗಿರಿಸಿ ಕಿಲೋಗ್ರಾಂ, ಲೀಟರುಗಳನ್ನು ತಂದಿತು. ಅದರ ಹಿಂದಿದ್ದ ವಿಚಾರ ಸರಳ: ಮಾರುವವನಿಗೂ ಕೊಳ್ಳುವವನಿಗೂ ಸೇರದ, ಇಬ್ಬರೂ ಒಪ್ಪಬೇಕಾದ ಒಂದು ಮಾನ ಬೇಕು. ನೂರು ಗ್ರಾಂ ಅಂಥದೊಂದು ಮಾನ. ಸ್ಕೂಪು ಅಂಥದಲ್ಲ. ಸ್ಕೂಪು ಹೊಸ ಕಾಲದ ಖಾಸಗಿ ಕೊಳಗ.

ಇದರ ಪರಿಣಾಮವೇನು ಎಂಬುದನ್ನು ಒಂದು ಲೆಕ್ಕದಲ್ಲಿ ನೋಡೋಣ. ಅಂಕಿಗಳನ್ನು ವಿವರಣೆಗಾಗಿ ಜೋಡಿಸಿದ್ದೇನೆ, ಆದರೆ ಈ ಬಗೆಯ ಡಬ್ಬಿಗಳು ಅಮೆರಿಕದ ಯಾವ ದೊಡ್ಡ ಅಂಗಡಿಯಲ್ಲಿಯೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಎರಡು ಡಬ್ಬಿಗಳಿವೆ. ಎರಡರಲ್ಲಿಯೂ ಇರುವುದು ವೇ ಪ್ರೋಟೀನ್, ಅಂದರೆ ಗಿಣ್ಣು ತಯಾರಿಸುವಾಗ ಉಳಿಯುವ ಹಾಲೊಡಕಿನ ನೀರಿನಿಂದ ತೆಗೆದ ಪ್ರೋಟೀನ್. ಎರಡರ ತೂಕವೂ ಎರಡು ಪೌಂಡ್, ಅಂದರೆ 907 ಗ್ರಾಂ. ಎರಡರ ಮುಂಭಾಗದಲ್ಲಿಯೂ ಬರೆದಿರುವುದು 25 ಗ್ರಾಂ ಎಂದೇ. ಮೊದಲನೆಯದರ ಬೆಲೆ 40 ಡಾಲರ್, ಎರಡನೆಯದರದು 45. ಮುಂಭಾಗವನ್ನಷ್ಟೇ ಓದಿದವರು ಮೊದಲನೆಯದನ್ನು ಎತ್ತಿಕೊಂಡು ಐದು ಡಾಲರ್ ಉಳಿಸಿದೆವೆಂದು ಹೊರಡುತ್ತಾರೆ.

ಈಗ ಡಬ್ಬಿಗಳನ್ನು ತಿರುಗಿಸಿ ಹಿಂಭಾಗದ ಪೌಷ್ಟಿಕಾಂಶ ಪಟ್ಟಿಯನ್ನು ನೋಡಬೇಕು. ಮೊದಲನೆಯದರಲ್ಲಿ ಒಂದು ಸ್ಕೂಪು ಎಂದರೆ 36 ಗ್ರಾಂ ಎಂದಿದೆ, ಎರಡನೆಯದರಲ್ಲಿ 30 ಗ್ರಾಂ. ಪ್ರೋಟೀನಿನ ತೂಕವನ್ನು ಸ್ಕೂಪಿನ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ನೂರು ಗ್ರಾಂ ಪುಡಿಯಲ್ಲಿ ಎಷ್ಟಿದೆ ಎಂಬುದು ತಿಳಿಯುತ್ತದೆ.

ಮೊದಲನೆಯ ಡಬ್ಬಿ: 25 ÷ 36 × 100 = 69.4
ಎರಡನೆಯ ಡಬ್ಬಿ: 25 ÷ 30 × 100 = 83.3

ಮುಂಭಾಗದಲ್ಲಿ ಅವಳಿಗಳಂತಿದ್ದ ಎರಡು ಪುಡಿಗಳ ನಡುವೆ ನೂರು ಗ್ರಾಂಗೆ ಹದಿನಾಲ್ಕು ಗ್ರಾಂಗಳ ಅಂತರವಿದೆ. ಮೊದಲನೆಯ ಸ್ಕೂಪಿನಲ್ಲಿ ಪ್ರೋಟೀನ್ ಅಲ್ಲದ್ದು 11 ಗ್ರಾಂ, ಎರಡನೆಯದರಲ್ಲಿ 5 ಗ್ರಾಂ. ಅದೇ ತೂಕದ ಡಬ್ಬಿಯಿಂದ ಮೊದಲನೆಯದು ಕೊಡುವುದು 25 ಸ್ಕೂಪು, ಅಂದರೆ ಒಟ್ಟು 625 ಗ್ರಾಂ ಪ್ರೋಟೀನ್. ಎರಡನೆಯದು ಕೊಡುವುದು 30 ಸ್ಕೂಪು, 750 ಗ್ರಾಂ. ಬೆಲೆಯನ್ನು ಇದಕ್ಕೆ ಹಂಚಿದರೆ ಮೊದಲನೆಯದರಲ್ಲಿ ನೂರು ಗ್ರಾಂ ಪ್ರೋಟೀನಿಗೆ 6 ಡಾಲರ್ 40 ಸೆಂಟ್, ಎರಡನೆಯದರಲ್ಲಿ 6 ಡಾಲರ್. ಅಗ್ಗವೆಂದು ಎತ್ತಿಕೊಂಡದ್ದೇ ತುಟ್ಟಿಯಾಯಿತು. ಉಳಿತಾಯವೆಂದುಕೊಂಡ ಐದು ಡಾಲರಿನ ಬದಲಿಗೆ ಐದು ದಿನಗಳ ಸ್ಕೂಪನ್ನು ಅಂಗಡಿಯಲ್ಲಿಯೇ ಬಿಟ್ಟುಬಂದಂತಾಯಿತು.

ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಎರಡೂ ಡಬ್ಬಿಗಳ ಹೇಳಿಕೆ ನಿಜ. ಸುಳ್ಳು ಹೇಳದೆಯೇ ದಾರಿ ತಪ್ಪಿಸುವುದಕ್ಕೆ ಬೇಕಾದುದು ಇಷ್ಟೇ: ಹೋಲಿಕೆಗೆ ಒದಗದ ಮಾನವೊಂದನ್ನು ಹೋಲಿಕೆಗೆಂದೇ ದಪ್ಪಕ್ಷರದಲ್ಲಿ ಅಚ್ಚಿಸುವುದು. ಪುಡಿಯಲ್ಲಿ ಪ್ರೋಟೀನ್ ಕಡಿಮೆಯಾದಷ್ಟೂ ಸ್ಕೂಪನ್ನು ಹಿಗ್ಗಿಸಿದರಾಯಿತು, ಮುಂಭಾಗದ ಸಂಖ್ಯೆ ಅಲುಗುವುದಿಲ್ಲ. ಒಂದೇ ಕಂಪನಿಯ ಒಂದೇ ಹೆಸರಿನ ಪುಡಿಯಲ್ಲಿಯೂ ಇದನ್ನು ಕಾಣಬಹುದು. ಯಾವ ಸ್ವಾದವನ್ನೂ ಬೆರೆಸದ ಪುಡಿಯಲ್ಲಿ ಪ್ರೋಟೀನಿನ ಪಾಲು ಸಾಮಾನ್ಯವಾಗಿ ಹೆಚ್ಚು. ಚಾಕೊಲೇಟ್ ಸ್ವಾದದ್ದರಲ್ಲಿ ಕೋಕೋ ಪುಡಿಯೂ ಸೇರುವುದರಿಂದ ಅಷ್ಟು ಪ್ರೋಟೀನ್ ಹಿಂದೆ ಸರಿಯುತ್ತದೆ. ಸ್ವಾದಕ್ಕೆ ತಕ್ಕಂತೆ ಸ್ಕೂಪಿನ ತೂಕ ಒಂದೆರಡು ಗ್ರಾಂ ಏರುತ್ತದೆ, ಇಳಿಯುತ್ತದೆ. ಕೋಕೋ ಸೇರಿಸಿದ್ದು ತಪ್ಪಲ್ಲ. ಅದು ಸೇರಿದ್ದನ್ನು ತೋರಿಸಬೇಕಾದ ಸಂಖ್ಯೆಯನ್ನು ಬದಿಗೆ ಸರಿಸಿದ್ದು ತಪ್ಪು.

ಸ್ಕೂಪಿನದು ಇನ್ನೊಂದು ತೊಡಕಿದೆ. ಅದು ತೂಕವನ್ನಲ್ಲ, ಗಾತ್ರವನ್ನು ಅಳೆಯುವ ಪಾತ್ರೆ. ಪಟ್ಟಿಯಲ್ಲಿರುವುದು ತೂಕ. ಸಾಗಣೆಯಲ್ಲಿ ಕುಲುಕಿ ಒತ್ತೊತ್ತಾಗಿ ಕೂತ ಪುಡಿಯೂ ಈಗತಾನೇ ಅಲುಗಾಡಿಸಿ ಸಡಿಲವಾದ ಪುಡಿಯೂ ಒಂದೇ ಸ್ಕೂಪಿನಲ್ಲಿ ಒಂದೇ ತೂಕ ತೂಗುವುದಿಲ್ಲ. ತುಂಬಿ ತುಳುಕುವ ಸ್ಕೂಪಿಗೂ ಅಂಚಿಗೆ ಸರಿಯಾಗಿ ಸವರಿದ ಸ್ಕೂಪಿಗೂ ಹಲವು ಗ್ರಾಂಗಳ ಅಂತರವಾಗುತ್ತದೆ. ಮನೆಯಲ್ಲಿ ಅಡುಗೆಯ ತಕ್ಕಡಿ ಇದ್ದವರು ಮೂರು ಸಲ ತೂಗಿ ನೋಡಿದರೆ ಇದು ಗೊತ್ತಾಗುತ್ತದೆ. 'ಒಂದು ಸ್ಕೂಪಿಗೆ 25 ಗ್ರಾಂ' ಎಂಬ ಖಚಿತವಾದ ಮಾತು ನಮ್ಮ ಲೋಟಕ್ಕೆ ಬರುವ ಹೊತ್ತಿಗೆ ಅಂದಾಜಿನ ಮಾತಾಗಿರುತ್ತದೆ.

ಇಲ್ಲಿಯವರೆಗಿನದು ಹಣದ ನಷ್ಟ. ಅದಕ್ಕಿಂತ ಗಂಭೀರವಾದ ಪ್ರಕರಣ ಬೇರೆ ಇದೆ. ಅದೇ ಸಾಲಿನಲ್ಲಿ, ಇನ್ನೂ ದೊಡ್ಡದಾದ ಒಂದು ಡಬ್ಬಿ ಇರುತ್ತದೆ. ಅದರ ಮೇಲೆ 48 ಗ್ರಾಂ ಪ್ರೋಟೀನ್ ಎಂದು ಬರೆದಿರುತ್ತದೆ. ಇಪ್ಪತ್ತೈದಕ್ಕಿಂತ ನಲವತ್ತೆಂಟು ದೊಡ್ಡದು, ಆದ್ದರಿಂದ ಇದೇ ಉತ್ತಮ ಎಂದು ತೋರುವುದು ಸಹಜ. ಇದು ಮೈತೂಕ ಹೆಚ್ಚಿಸಿಕೊಳ್ಳುವವರಿಗೆಂದು ಮಾಡಿದ ಪುಡಿ, ವ್ಯಾಪಾರದ ಭಾಷೆಯಲ್ಲಿ ಮಾಸ್ ಗೇನರ್. ಹಿಂಭಾಗವನ್ನು ನೋಡಿದರೆ ಆ 48 ಗ್ರಾಂ ದೊರೆಯುವ 'ಒಂದು ಸಲದ ಪ್ರಮಾಣ' 320 ಗ್ರಾಂ. ಅದನ್ನು ತುಂಬಲು ಎರಡು ದೊಡ್ಡ ಸ್ಕೂಪುಗಳು ಬೇಕು. ನೂರು ಗ್ರಾಂಗೆ ಇಳಿಸಿದರೆ ಪ್ರೋಟೀನ್ 15 ಗ್ರಾಂ ಮಾತ್ರ, ಕಾರ್ಬೊಹೈಡ್ರೇಟ್ 75 ಗ್ರಾಂ. ನಮ್ಮ ಅಡುಗೆಮನೆಯ ಹುರಿಗಡಲೆಯಲ್ಲಿ ನೂರು ಗ್ರಾಂಗೆ 20 ಗ್ರಾಂಗೂ ಮಿಗಿಲಾದ ಪ್ರೋಟೀನಿದೆ, ಕೆನೆ ತೆಗೆದ ಹಾಲಿನ ಪುಡಿಯಲ್ಲಿ ಸುಮಾರು 35 ಗ್ರಾಂ ಇದೆ. ಕಾರ್ಬೊಹೈಡ್ರೇಟಿನ ಲೆಕ್ಕದಲ್ಲಿ ಈ ಪುಡಿ ಬೀಸಿದ ಅಕ್ಕಿಯ ಹತ್ತಿರಕ್ಕೆ ಬರುತ್ತದೆ. ಅಕ್ಕಿಹಿಟ್ಟಿಗೆ ಒಂದಿಷ್ಟು ಹಾಲಿನ ಪ್ರೋಟೀನ್ ಬೆರೆಸಿದರೆ ಏನಾಗುತ್ತದೋ ಸ್ಥೂಲವಾಗಿ ಅದು. ಆದರೆ ಅದನ್ನು ಪ್ರೋಟೀನಿನ ಹೆಸರಿನಲ್ಲಿ, ಪ್ರೋಟೀನಿನ ಸಾಲಿನಲ್ಲಿ ಇಡಲಾಗುತ್ತದೆ.

ಈ ಡಬ್ಬಿ ಹೋಗಿ ಸೇರುವ ಮನೆಗಳನ್ನು ನೆನೆದಾಗ ವಿಷಯದ ಭಾರ ತಿಳಿಯುತ್ತದೆ. ನಾವು ರಜೆಗೆ ಊರಿಗೆ ಹೊರಡುವಾಗ ಪೆಟ್ಟಿಗೆಯಲ್ಲಿ ಬಾದಾಮಿ, ಚಾಕೊಲೇಟುಗಳ ಜೊತೆಗೆ ಈಗ ಇಂಥ ಡಬ್ಬಿಗಳೂ ಜಾಗ ಪಡೆದಿವೆ. ತಮ್ಮನಿಗೆ ಜಿಮ್ಮಿಗೆಂದು ಒಂದು, ಶಸ್ತ್ರಚಿಕಿತ್ಸೆಯ ನಂತರ ಸೊರಗಿದ ಅಪ್ಪನಿಗೆ ಶಕ್ತಿ ಬರಲೆಂದು ಒಂದು. ಆ ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದರೆ? ಅನ್ನವನ್ನು ಅಳೆದು ಉಣ್ಣಿರಿ ಎಂದು ವೈದ್ಯರು ಹೇಳಿದ್ದಾರೆ, ಅವರು ಪಾಲಿಸುತ್ತಿದ್ದಾರೆ. ಆದರೆ ಮಗಳು ತಂದ ಪ್ರೋಟೀನನ್ನು ಅನ್ನವೆಂದು ಅವರು ಎಣಿಸುವುದಿಲ್ಲ. ದೊಡ್ಡ ಸಂಖ್ಯೆಯ ಡಬ್ಬಿಯಿಂದ ಅರ್ಧ ಪ್ರಮಾಣವನ್ನಷ್ಟೇ ಕುಡಿದರೂ 24 ಗ್ರಾಂ ಪ್ರೋಟೀನಿನ ಜೊತೆಗೆ 120 ಗ್ರಾಂ ಕಾರ್ಬೊಹೈಡ್ರೇಟ್ ಒಳಗೆ ಹೋಗುತ್ತದೆ, ಹೆಚ್ಚುಕಡಿಮೆ 600 ಕಿಲೋಕ್ಯಾಲರಿ. ಮೇಲಿನ ಎರಡನೆಯ ಡಬ್ಬಿಯ 30 ಗ್ರಾಂ ಪುಡಿಯಲ್ಲಿ ಅಷ್ಟೇ ಪ್ರೋಟೀನ್ ಸುಮಾರು 120 ಕಿಲೋಕ್ಯಾಲರಿಯೊಂದಿಗೆ ಮುಗಿಯುತ್ತಿತ್ತು. ಮುಂಭಾಗದ ಸಂಖ್ಯೆಗಳನ್ನು ಹೋಲಿಸಿದವರಿಗೆ ಈ ಅಂತರ ಕಾಣುವುದೇ ಇಲ್ಲ. ನೂರು ಗ್ರಾಂಗೆ 15 ಎಂಬುದನ್ನು ಕಂಡವರಿಗೆ ಬೇರೆ ವಿವರಣೆಯೇ ಬೇಡ.

ಈಗ ಕಾನೂನಿನ ಕಡೆಗೆ ಬರೋಣ, ಏಕೆಂದರೆ ನನ್ನ ತಕರಾರು ಮುಖ್ಯವಾಗಿ ಅಲ್ಲಿದೆ. ನಾನು ವಾಸಿಸುವ ಬ್ರಿಟನ್ನಿನಲ್ಲಿ, ಯುರೋಪಿನ ಒಕ್ಕೂಟದ ದೇಶಗಳಲ್ಲಿರುವಂತೆಯೇ, ಆಹಾರವೆಂದು ಮಾರುವ ಪುಡಿಯ ಪೌಷ್ಟಿಕಾಂಶ ಪಟ್ಟಿಯಲ್ಲಿ ನೂರು ಗ್ರಾಂನ ಕಂಬಸಾಲು ಇರಲೇಬೇಕು. 2011ರ 1169ನೆಯ ಸಂಖ್ಯೆಯ ಯುರೋಪಿಯನ್ ನಿಯಮ ಹೇಳಿದ್ದು ಅದನ್ನೇ, ಸ್ಕೂಪಿನ ಲೆಕ್ಕ ಅದರ ಪಕ್ಕದಲ್ಲಿ ಬರಬಹುದಾದ ಹೆಚ್ಚುವರಿ ಮಾತ್ರ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಎರಡೂ ಕಡ್ಡಾಯ. ಭಾರತದಲ್ಲಿ 2020ರ ಲೇಬಲಿಂಗ್ ನಿಯಮಾವಳಿಯ ಪ್ರಕಾರ ಇಂಥ ಡಬ್ಬಿಯ ಮೇಲೆ ನೂರು ಗ್ರಾಂಗೆ ಎಷ್ಟು ಎಂಬುದನ್ನೂ, ಒಂದು ಸಲದ ಪ್ರಮಾಣ ದಿನದ ಅಗತ್ಯದ ಶೇಕಡ ಎಷ್ಟನ್ನು ಪೂರೈಸುತ್ತದೆ ಎಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಪಟ್ಟಿ ಸಿದ್ಧವಾಗುವುದೇ 'ಒಂದು ಸಲದ ಪ್ರಮಾಣ'ದ ಮೇಲೆ, ನೂರು ಗ್ರಾಂನ ಸಾಲು ಕಡ್ಡಾಯವಲ್ಲ. ಪುಡಿಯನ್ನು ಆಹಾರಪೂರಕವೆಂದು ಮಾರುವಾಗಲಂತೂ ಆ ಪ್ರಮಾಣ ಎಂದರೆ, ಒಂದು ಸಲಕ್ಕೆ ಗರಿಷ್ಠ ಇಷ್ಟು ತೆಗೆದುಕೊಳ್ಳಿ ಎಂದು ತಯಾರಕನೇ ಲೇಬಲ್ಲಿನಲ್ಲಿ ಹೇಳಿದ್ದು. ಕೊಳಗದ ಗಾತ್ರವನ್ನು ನಿರ್ಧರಿಸುವ ಹಕ್ಕನ್ನು ಮಾಲೀಕನಿಗೇ ಕಾನೂನು ಬರೆದುಕೊಟ್ಟಂತೆ ಇದು.

ಹೀಗಾಗಿ ನಮ್ಮ ಪೆಟ್ಟಿಗೆಗಳ ವಿಷಯದಲ್ಲಿ ಒಂದು ವಿಪರ್ಯಾಸ ಏರ್ಪಟ್ಟಿದೆ. 'ಊರಲ್ಲಿ ಸಿಗೋದನ್ನ ನಂಬೋಕಾಗಲ್ಲ, ಅಲ್ಲಿಂದಲೇ ತಗೊಂಡು ಬಾ' ಎಂದು ಮನೆಯವರು ಹೇಳುತ್ತಾರೆ. ನಾವೂ ಹೆಮ್ಮೆಯಿಂದ ತರುತ್ತೇವೆ. ಆದರೆ ಭಾರತಕ್ಕೆ ಅಧಿಕೃತವಾಗಿ ಆಮದಾಗಿ ಬರುವ ಡಬ್ಬಿ ಭಾರತದ ನಿಯಮಕ್ಕೆ ಒಳಪಟ್ಟು ನೂರು ಗ್ರಾಂನ ಸಾಲನ್ನು ಹೊತ್ತು ಬರಬೇಕಾಗುತ್ತದೆ. ಅಮೆರಿಕದ ಅಂಗಡಿಯಿಂದ ನೇರವಾಗಿ ನಮ್ಮ ಪೆಟ್ಟಿಗೆಯಲ್ಲಿ ಬಂದದ್ದು ಆ ಸಾಲಿಲ್ಲದೆ ಬರುತ್ತದೆ. ಹೋಲಿಕೆಗೆ ಅಗತ್ಯವಾದ ಒಂದು ಮಾಹಿತಿಯ ಮಟ್ಟಿಗೆ ಊರಿನ ಲೇಬಲ್ಲು ಅಮೆರಿಕದ ಲೇಬಲ್ಲಿಗಿಂತ ಹೆಚ್ಚು ಪ್ರಾಮಾಣಿಕ. ಭಾರತದ ಮಾರುಕಟ್ಟೆಯಲ್ಲಿ ಮೋಸವಿಲ್ಲ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಸುಮಾರು ಶೇಕಡ 70ರಷ್ಟು ಪುಡಿಗಳ ಲೇಬಲ್ಲಿಗೂ ಒಳಗಿನ ಪ್ರೋಟೀನಿಗೂ ತಾಳೆಯಾಗುವುದಿಲ್ಲವೆಂದು ಕಂಡಿತು. ಅಲ್ಲಿ ಕಾನೂನು ಸರಿಯಿದೆ, ಜಾರಿ ಸಡಿಲ. ಅಮೆರಿಕದಲ್ಲಿ ಕಾನೂನೇ ಅರ್ಧ ಮೌನವಾಗಿದೆ. ಎರಡೂ ದೋಷಗಳೇ, ಆದರೆ ಎರಡರ ಪರಿಹಾರ ಬೇರೆ ಬೇರೆ. ವಿದೇಶದ ಮುದ್ರೆಯನ್ನೇ ಸತ್ಯದ ಮುದ್ರೆಯೆಂದು ಭಾವಿಸುವ ನಮ್ಮ ವರ್ಗದ ಅಭ್ಯಾಸ ಇವೆರಡನ್ನೂ ಮರೆಮಾಡುತ್ತದೆ.

ನಮ್ಮ ಸಂಶಯ ಯಾವ ಕಡೆಗೆ ಹರಿಯುತ್ತದೆ ಎಂಬುದನ್ನೂ ಕೇಳಿಕೊಳ್ಳಬೇಕು. ಕಲ್ಯಾಣ ಕರ್ನಾಟಕದ ಶಾಲಾ ಮಕ್ಕಳ ಬಿಸಿಯೂಟಕ್ಕೆ 2021ರಲ್ಲಿ ಮೊಟ್ಟೆ ಬಂದಾಗ ಎಷ್ಟು ಗದ್ದಲವೆದ್ದಿತು! ಸುಮಾರು 6 ಗ್ರಾಂ ಪ್ರೋಟೀನಿನ ಒಂದು ಮೊಟ್ಟೆ ಬಡವರ ಮಗುವಿನ ತಟ್ಟೆಗೆ ಬರಬೇಕೇ ಬೇಡವೇ ಎಂದು ಮಠಗಳು, ಸಂಘಟನೆಗಳು ವಾದಿಸಿದವು. ಉಳ್ಳವರ ಮನೆಗೆ ಬರುವ ಡಬ್ಬಿಯ ಪುಡಿಯಲ್ಲಿ ಪ್ರೋಟೀನ್ ಎಷ್ಟು, ಹಿಟ್ಟು ಎಷ್ಟು ಎಂಬ ಪ್ರಶ್ನೆಗೆ ಅದರ ನೂರರಲ್ಲೊಂದು ಪಾಲಿನ ಉತ್ಸಾಹವೂ ಕಾಣಲಿಲ್ಲ.

ನನ್ನ ವಾದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಯಾರೂ ನೂರು ಗ್ರಾಂ ಪುಡಿಯನ್ನು ಒಮ್ಮೆಗೆ ಕುಡಿಯುವುದಿಲ್ಲ, ಕುಡಿಯುವುದು ಒಂದು ಸ್ಕೂಪು. ಹಾಗಿರುವಾಗ ಕುಡಿಯುವವನಿಗೆ ಅರ್ಥವಾಗುವುದು ಸ್ಕೂಪಿನ ಲೆಕ್ಕವೇ ಅಲ್ಲವೇ? ಹೌದು. ಇಂದು ನಾನು ಎಷ್ಟು ಪ್ರೋಟೀನ್ ತೆಗೆದುಕೊಂಡೆ ಎಂಬ ಪ್ರಶ್ನೆಗೆ ಉತ್ತರ ಸ್ಕೂಪಿನ ಲೆಕ್ಕದಲ್ಲಿದೆ. ಆದರೆ ಯಾವ ಡಬ್ಬಿಯನ್ನು ಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ನೂರು ಗ್ರಾಂನ ಲೆಕ್ಕದಲ್ಲಿದೆ. ಮುಂಭಾಗದ ಸಂಖ್ಯೆ ಓದಲ್ಪಡುವುದು ಅಂಗಡಿಯಲ್ಲಿ, ಕೊಳ್ಳುವ ಗಳಿಗೆಯಲ್ಲಿ, ಪಕ್ಕದ ಡಬ್ಬಿಯ ಎದುರಿಗೆ. ಆ ಜಾಗದಲ್ಲಿ ಮೊದಲ ಪ್ರಶ್ನೆಯ ಉತ್ತರವನ್ನು ಎರಡನೆಯ ಪ್ರಶ್ನೆಯ ಉತ್ತರವೆಂಬಂತೆ ಇಡುವುದೇ ಚಾಲಾಕಿ. ಸ್ಕೂಪಿನ ಲೆಕ್ಕವನ್ನು ಅಳಿಸಿರಿ ಎಂದು ನಾನು ಕೇಳುತ್ತಿಲ್ಲ. ನೂರು ಗ್ರಾಂನ ಲೆಕ್ಕವನ್ನು ಅದರ ಪಕ್ಕದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಇಡಿರಿ ಎಂದು ಕೇಳುತ್ತಿದ್ದೇನೆ.

ನೂರು ಗ್ರಾಂನ ಲೆಕ್ಕಕ್ಕೂ ಮಿತಿಗಳಿವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಮೊದಲನೆಯದು ಸಣ್ಣದು: ಅಮೆರಿಕದ ಪಟ್ಟಿಯಲ್ಲಿ ಪ್ರೋಟೀನನ್ನು ಪೂರ್ಣ ಗ್ರಾಂಗೆ ಸರಿಹೊಂದಿಸಿ ಬರೆಯುತ್ತಾರೆ. ಆದ್ದರಿಂದ 30 ಗ್ರಾಂನ ಸ್ಕೂಪಿನಲ್ಲಿ 25 ಎಂದಿದ್ದರೆ ನೂರು ಗ್ರಾಂಗೆ ಅದು 82ರಿಂದ 85ರವರೆಗೆ ಎಲ್ಲಿಯಾದರೂ ಇರಬಹುದು. ನಾವು ಲೆಕ್ಕ ಹಾಕಿ ಪಡೆದ ಎರಡು ಸಂಖ್ಯೆಗಳ ನಡುವೆ ಎರಡು ಮೂರು ಗ್ರಾಂ ಅಂತರವಿದ್ದರೆ ಅದನ್ನು ಅಂತರವೆಂದು ಎಣಿಸಬಾರದು. ಹತ್ತು ಹದಿನಾಲ್ಕು ಇದ್ದರೆ ಎಣಿಸಬೇಕು.

ಎರಡನೆಯ ಮಿತಿ ದೊಡ್ಡದು. ಲೇಬಲ್ಲಿನ ಪ್ರೋಟೀನನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ, ಸಾರಜನಕವನ್ನು ಅಳೆಯುತ್ತಾರೆ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ 1883ರಲ್ಲಿ ರೂಪಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಪ್ರೋಟೀನಿನಲ್ಲಿ ಸುಮಾರು ಶೇಕಡ 16 ಸಾರಜನಕವಿರುತ್ತದೆಂಬ ಆಧಾರದ ಮೇಲೆ, ಸಿಕ್ಕ ಸಾರಜನಕವನ್ನು 6.25ರಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತಾರೆ. ಸಾರಜನಕ ಎಲ್ಲಿಂದ ಬಂತು ಎಂದು ಈ ಗುಣಾಕಾರ ಕೇಳುವುದಿಲ್ಲ. ಪುಡಿಗೆ ಗ್ಲೈಸಿನ್ ಎಂಬ ಅಗ್ಗದ ಅಮೈನೋ ಆಮ್ಲವನ್ನು ಒಂದು ಗ್ರಾಂ ಬೆರೆಸಿದರೆ ಲೆಕ್ಕದಲ್ಲಿ ಅದು ಸುಮಾರು 1.17 ಗ್ರಾಂ ಪ್ರೋಟೀನಾಗುತ್ತದೆ, ಒಂದು ಗ್ರಾಂ ಕ್ರಿಯಾಟಿನ್ ಎರಡು ಗ್ರಾಂ ಪ್ರೋಟೀನಾಗುತ್ತದೆ. ಚೀನಾದಲ್ಲಿ 2008ರಲ್ಲಿ ಶಿಶುಗಳ ಹಾಲಿನ ಪುಡಿಗೆ ಮೆಲಮೈನ್ ಬೆರೆಸಿದವರು ನೆಚ್ಚಿದ್ದು ಈ ಕುರುಡನ್ನೇ.

ಇಂಥ ಬೆರಕೆ ನಡೆದಿದ್ದರೆ ಸ್ಕೂಪಿನ ಸಂಖ್ಯೆಯಂತೆ ನೂರು ಗ್ರಾಂನ ಸಂಖ್ಯೆಯೂ ಉಬ್ಬುತ್ತದೆ. ಆದರೆ ಉಬ್ಬಿದ್ದು ಕಣ್ಣಿಗೆ ಬೀಳುವುದು ನೂರು ಗ್ರಾಂನ ಲೆಕ್ಕದಲ್ಲಿಯೇ, ಏಕೆಂದರೆ ಅಲ್ಲಿ ಒಂದು ಮೇಲ್ಮಿತಿ ಗೊತ್ತಿದೆ. ಹಾಲೊಡಕಿನ ಸಾಂದ್ರ ಪುಡಿಯಲ್ಲಿ, ಅಂದರೆ ಲೇಬಲ್ಲಿನಲ್ಲಿ ಕಾನ್ಸಂಟ್ರೇಟ್ ಎಂದಿರುವುದರಲ್ಲಿ, ಪ್ರೋಟೀನ್ ಹೆಚ್ಚೆಂದರೆ ಎಂಬತ್ತರ ಆಸುಪಾಸು. ಇನ್ನೂ ಶುದ್ಧಗೊಳಿಸಿದ ಐಸೊಲೇಟಿನಲ್ಲಿ ತೊಂಬತ್ತರ ಆಸುಪಾಸು. ಸ್ವಾದ, ಕೋಕೋ, ಸಿಹಿಕಾರಕ ಸೇರಿದಾಗ ಇದು ಇಳಿಯಲೇಬೇಕು. ಸಾಂದ್ರ ಪುಡಿಯಿಂದ ಮಾಡಿದ ಚಾಕೊಲೇಟ್ ಸ್ವಾದದ ಡಬ್ಬಿಯೊಂದು ನೂರು ಗ್ರಾಂಗೆ 85 ಎಂದು ಹೇಳಿಕೊಂಡರೆ ಸಂಶಯಪಡಬೇಕು. ಆಗ ಘಟಕಗಳ ಪಟ್ಟಿಯಲ್ಲಿ ಗ್ಲೈಸಿನ್, ಟಾರಿನ್, ಕ್ರಿಯಾಟಿನ್‌ಗಳು ಬೇರೆಯಾಗಿ ನಮೂದಾಗಿವೆಯೇ ಎಂದು ನೋಡಬೇಕು. ಸ್ಕೂಪಿನ ಸಂಖ್ಯೆಯನ್ನು ಹೀಗೆ ಪ್ರಶ್ನಿಸಲಾಗದು. ಸ್ಕೂಪಿಗೆ ಮೇಲ್ಮಿತಿ ಎಂಬುದೇ ಇಲ್ಲ, ಅದನ್ನು ಎಷ್ಟಾದರೂ ಹಿಗ್ಗಿಸಬಹುದು.

ಮೂರನೆಯ ಮಿತಿ ಗುಣಮಟ್ಟದ್ದು. ಕೊಲ್ಲಾಜೆನ್ ಪುಡಿಯಲ್ಲಿ ನೂರು ಗ್ರಾಂಗೆ ತೊಂಬತ್ತರಷ್ಟು ಪ್ರೋಟೀನ್ ಇರುತ್ತದೆ, ಮೇಲಿನ ಎರಡು ಡಬ್ಬಿಗಳನ್ನೂ ಅದು ಮೀರಿಸುತ್ತದೆ. ಆದರೆ ದೇಹಕ್ಕೆ ಆಹಾರದಿಂದಲೇ ಬರಬೇಕಾದ ಅಮೈನೋ ಆಮ್ಲಗಳಲ್ಲೊಂದಾದ ಟ್ರಿಪ್ಟೊಫ್ಯಾನ್ ಅದರಲ್ಲಿಲ್ಲ. ಈ ವಿಷಯದಲ್ಲಿ ಅಮೆರಿಕದ ಪಟ್ಟಿಗೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಬೇಕು. ಅಲ್ಲಿ ಪ್ರೋಟೀನಿನ ಬಗ್ಗೆ ಹೇಳಿಕೆ ಮಾಡುವ ಡಬ್ಬಿ ದಿನದ ಪ್ರಮಾಣವಾದ 50 ಗ್ರಾಂನಲ್ಲಿ ಅದು ಶೇಕಡ ಎಷ್ಟು ಎಂದೂ ತೋರಿಸಬೇಕು, ಆ ಶೇಕಡವನ್ನು ಪ್ರೋಟೀನಿನ ಗುಣಮಟ್ಟಕ್ಕೆ ತಕ್ಕಂತೆ ತಗ್ಗಿಸಿ ಬರೆಯಬೇಕು. ಒಳ್ಳೆಯ ವೇ ಪ್ರೋಟೀನಿನ 25 ಗ್ರಾಂ ಎದುರಿಗೆ ಶೇಕಡ 50ರ ಸುತ್ತಮುತ್ತ ಇರುತ್ತದೆ. ಕೊಲ್ಲಾಜೆನ್ ಎಷ್ಟೇ ಗ್ರಾಂ ಇದ್ದರೂ ಸೊನ್ನೆ ಇರಬಹುದು. ಯುರೋಪಿನ ಪಟ್ಟಿಯಲ್ಲಿ ಈ ತಿದ್ದುಪಡಿಯ ಸೌಲಭ್ಯವಿಲ್ಲ. ಒಂದು ದೇಶ ಸಾಂದ್ರತೆಯನ್ನು ತೋರಿಸುತ್ತದೆ, ಇನ್ನೊಂದು ಗುಣವನ್ನು ತೋರಿಸುತ್ತದೆ. ಎರಡನ್ನೂ ಒಂದೇ ಡಬ್ಬಿಯ ಮೇಲೆ ತೋರಿಸುವುದಕ್ಕೆ ತಾಂತ್ರಿಕವಾದ ಯಾವ ಅಡ್ಡಿಯೂ ಇಲ್ಲ.

ಈ ಪುಡಿಗಳು ಬೇಕೇ ಎಂಬುದು ಬೇರೆಯದೇ ಚರ್ಚೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ ಆಹಾರ ಮಾರ್ಗಸೂಚಿಯಲ್ಲಿ ಮೈಕಟ್ಟಿಗಾಗಿ ಪ್ರೋಟೀನ್ ಪೂರಕಗಳನ್ನು ಬಳಸಬೇಡಿರೆಂದು ಹೇಳಿದೆ. ಅದರ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗ್ರಾಂಗೆ 0.83 ಗ್ರಾಂ ಪ್ರೋಟೀನ್ ಸಾಕು, 60 ಕಿಲೋಗ್ರಾಂನವರಿಗೆ ಸುಮಾರು 50 ಗ್ರಾಂ. ಆ ಮಾತನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ. ಆದರೆ ಕೊಳ್ಳಲು ನಿರ್ಧರಿಸಿದವರಿಗೆ ತಾವು ಕೊಳ್ಳುತ್ತಿರುವುದು ಏನೆಂದು ತಿಳಿಯುವ ಹಕ್ಕಿದೆ ಎಂಬುದರಲ್ಲಿ ಎರಡು ಅಭಿಪ್ರಾಯ ಇರಲಾರದು.

ಆದ್ದರಿಂದ ಬೇಡಿಕೆ ನಿರ್ದಿಷ್ಟವಾಗಿರಲಿ. ಅಮೆರಿಕ, ಕೆನಡಾಗಳಲ್ಲಿ ನೂರು ಗ್ರಾಂನ ಸಾಲು ಪಟ್ಟಿಯಲ್ಲಿ ಕಡ್ಡಾಯವಾಗಬೇಕು. ಆ ಸಾಲು ಈಗಾಗಲೇ ಕಡ್ಡಾಯವಾಗಿರುವ ದೇಶಗಳಲ್ಲಿ, ಭಾರತವೂ ಸೇರಿದಂತೆ, ಮುಂಭಾಗದಲ್ಲಿ ಸ್ಕೂಪಿನ ಪ್ರೋಟೀನನ್ನು ಬರೆಯುವವರು ಅದರ ಪಕ್ಕದಲ್ಲಿಯೇ ಸ್ಕೂಪಿನ ತೂಕವನ್ನೂ ನೂರು ಗ್ರಾಂನ ಪ್ರೋಟೀನನ್ನೂ ಅಷ್ಟೇ ಎದ್ದು ಕಾಣುವಂತೆ ಬರೆಯಬೇಕು. ಹಾಲಿನಲ್ಲಿ ಕಲಸಿದಾಗ ಇಷ್ಟು ಎಂದು ಹೇಳಿ ಹಾಲಿನ ಪ್ರೋಟೀನನ್ನೂ ತನ್ನ ಖಾತೆಗೆ ಸೇರಿಸಿಕೊಳ್ಳುವ ಅಭ್ಯಾಸ ನಿಲ್ಲಬೇಕು. ಒಂದು ಲೋಟ ಹಾಲಿನಲ್ಲಿ ಸುಮಾರು 8 ಗ್ರಾಂ ಪ್ರೋಟೀನಿದೆ, ಅದು ಹಸುವಿನದು, ಕಂಪನಿಯದಲ್ಲ. ಆಹಾರ ನಿಯಮಗಳ ಕರಡುಗಳು ಸಾರ್ವಜನಿಕ ಅಭಿಪ್ರಾಯಕ್ಕೆ ತೆರೆದುಕೊಂಡಾಗ ಉದ್ಯಮದ ಸಂಘಗಳು ತಪ್ಪದೆ ಬರೆಯುತ್ತವೆ. ಕೊಳ್ಳುವವರು ಬರೆಯುವುದು ವಿರಳ. ದೇಶ ದೇಶಗಳ ಲೇಬಲ್ಲುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ನಮ್ಮಂಥ ವಲಸಿಗರಿಗೆ ಇದ್ದಷ್ಟು ಬೇರೆಯವರಿಗಿಲ್ಲ. ನಾವು ಬರೆಯಬೇಕು.

ಕಾನೂನು ಬರುವವರೆಗೆ ಭಾಗಾಕಾರ ನಮ್ಮ ಕೈಯಲ್ಲಿದೆ. ಅಮೆರಿಕದ ಡಬ್ಬಿಯ ಮೇಲೆಯೂ ಸ್ಕೂಪಿನ ತೂಕವನ್ನು ಗ್ರಾಂನಲ್ಲಿ ಬರೆಯಲೇಬೇಕು, ಅದು ಹಿಂಭಾಗದ ಪಟ್ಟಿಯ ತಲೆಯಲ್ಲಿರುತ್ತದೆ. ಪ್ರೋಟೀನನ್ನು ಅದರಿಂದ ಭಾಗಿಸಿ ನೂರರಿಂದ ಗುಣಿಸಿ. ಎಂಬತ್ತರ ಸುತ್ತಮುತ್ತ ಬಂದರೆ ಅದು ಪ್ರೋಟೀನ್ ಪುಡಿ. ಅರವತ್ತರ ಕೆಳಗೆ ಬಂದರೆ ಉಳಿದದ್ದು ಏನೆಂದು ಘಟಕಗಳ ಪಟ್ಟಿಯಲ್ಲಿ ಹುಡುಕಿ. ಇಪ್ಪತ್ತರ ಕೆಳಗೆ ಬಂದರೆ ಅದನ್ನು ಅಲ್ಲಿಯೇ ಇಟ್ಟು, ಅಪ್ಪನಿಗೆ ಊರಿನ ಹುರಿಗಡಲೆಯನ್ನೇ ತಿನ್ನಲು ಹೇಳಿ.